ಪೊಳ್ಳು ಹೊಸಬರು

ಒಂದು ಆಟಕ್ಕೆ ಹೊಸಬರು ಬರುವುದೇ ನಿಂತುಹೋದರೆ ಏನಾಗುತ್ತದೆ? ಹಳಬರು ಹಾಯಾಗಿ ಕಾಲುಚಾಚಿಕೊಂಡು ಆಡುತ್ತಾರೆ ಎಂದು ನೀವು ಹೇಳಬಹುದು. ತಾರಿಣಿ ಆಟದ ಕಂಪನಿಯಲ್ಲಿ ಕೆಲಸಕ್ಕೆ ಸೇರಿದ ಹೊಸದರಲ್ಲಿ ಅವಳೂ ಹಾಗೇ ಹೇಳಿದ್ದಳು. ಆದರೆ ನಡೆದದ್ದೇ ಬೇರೆ. ಹೊಸಬರು ಕಮ್ಮಿಯಾದ ಹಾಗೆ ಹಳಬರೂ ಒಬ್ಬೊಬ್ಬರಾಗಿ ಕಾಲು ಕಿತ್ತರು. ‘ಕರಿಗಡಲು’ ಎಂಬ ಆ ಆನ್‌ಲೈನ್ ಆಟಕ್ಕೆ ಅವರು ಬರುತ್ತಿದ್ದದ್ದು ಆಡುವುದಕ್ಕಲ್ಲ, ಬಂದವರನ್ನು ಬರಮಾಡಿಕೊಳ್ಳುವುದಕ್ಕೆ ಎಂದು ಕಂಪನಿಗೆ ಅರ್ಥವಾಗುವ ಹೊತ್ತಿಗೆ ಅರ್ಧ ಊರೇ ಖಾಲಿಯಾಗಿತ್ತು.

ಕರಿಗಡಲಿನಲ್ಲಿ ಸೂರ್ಯನಿಲ್ಲ. ಹೊಸದಾಗಿ ಸೇರಿದವರನ್ನು ಅಲೆ ತಂದು ಮರಳಿನ ಮೇಲೆ ಎಸೆಯುತ್ತದೆ. ಮೈಯೆಲ್ಲ ಒದ್ದೆ, ಕಣ್ಣಂಚಿನಲ್ಲಿ ಮೈಯ ಶಾಖ ಎಷ್ಟು ಉಳಿದಿದೆಯೆಂದು ತೋರಿಸುವ ಕೆಂಪು ಗೀಟು ಸರಸರ ಇಳಿಯುತ್ತಿರುತ್ತದೆ. ಅದು ಇಳಿದು ಮುಗಿಯುವುದರೊಳಗೆ ಬೆಂಕಿ ಹೊತ್ತಿಸಿಕೊಳ್ಳಬೇಕು, ಇಲ್ಲದಿದ್ದರೆ ಕಡಲು ಮತ್ತೆ ಎಳೆದುಕೊಳ್ಳುತ್ತದೆ. ಮೊದಲ ಸಲ ಹೀಗೆ ಸತ್ತವರಲ್ಲಿ ಮುಕ್ಕಾಲು ಪಾಲು ಆಟದ ಕಡೆ ತಿರುಗಿಯೂ ನೋಡುತ್ತಿರಲಿಲ್ಲ. ಆಗ ಯಾರೋ ಒಬ್ಬ ಪುಣ್ಯಾತ್ಮ ತನ್ನ ಡಬ್ಬಿಯ ಕೆಂಡದಲ್ಲಿ ಅರ್ಧ ತೆಗೆದು ಹೊಸಬನ ಕೈಗಿಟ್ಟ. ಕೊಟ್ಟರೆ ಕೊಟ್ಟವನ ಶಾಖವೂ ಅರ್ಧವಾಗುತ್ತದೆ. ಹಳಬರೇ ಆದರೂ ಶಾಖ ಮುಗಿದು ಸತ್ತರೆ ಹೆಸರು, ಡಬ್ಬಿ ಎಲ್ಲ ಕಳೆದುಕೊಂಡು ಹೊಸಬರಾಗಿಯೇ ಮರಳಬೇಕು. ಕಂಪನಿಯವರು ಯೋಚಿಸಿಯೇ ಇರದ ವಿಷಯ ಅದು. ನೋಡನೋಡುತ್ತ ಅದೇ ಆಟದ ಸಂಪ್ರದಾಯವಾಯಿತು. ಹಳಬರು ಪಾಳಿ ಹಾಕಿಕೊಂಡು ದಡದಲ್ಲಿ ಕಾಯುತ್ತ ನಿಂತರು.

ಆಟದ ಪಕ್ಕದಲ್ಲೇ ಹರಟೆಗೆಂದು ‘ಪಡಸಾಲೆ’ ಎಂಬ ವೇದಿಕೆಯಿತ್ತು. ಹೊಸಬರು ಅಲ್ಲಿ ಹೆಸರು, ಊರು ಹೇಳಿಕೊಳ್ಳಬೇಕು. ಅಲ್ಲಿನ ಸ್ವಾಗತದಲ್ಲೂ ಬಗೆಬಗೆಯಿತ್ತು. ಕೆಲವರು ‘ಊಟ ಆಯ್ತಾ?’ ಎಂದು ಶುರು ಮಾಡಿ ಯಾವ ಊರು, ಯಾವ ಬೀದಿ ಎನ್ನುವವರೆಗೆ ಹೋಗುತ್ತಿದ್ದರು. ಕೆಲವರು ಗಡಸು, ‘ಮೇಲೆ ಅಂಟಿಸಿರೋ ನಿಯಮ ಓದ್ಕೊಂಡು ಬಾ’ ಎಂದಷ್ಟೇ ಬರೆದು ಹೋಗುವರು. ತುಂಟರ ಗುಂಪೊಂದು ‘ಹೋಗಿ ಹಳದಿ ಶಂಖ ಹುಡುಕ್ಕೊಂಡು ಬಾ’ ಎಂದು ಕಳಿಸುತ್ತಿತ್ತು. ಹಳದಿ ಶಂಖ ಎಂಬುದು ಆಟದಲ್ಲೇ ಇಲ್ಲ. ಇಡೀ ದ್ವೀಪ ಸುತ್ತಿ ಸುಸ್ತಾಗಿ ಬಂದವನು ನಕ್ಕರೆ, ಅವನನ್ನು ಓಡಾಡಿಸಿದವರೆಲ್ಲ ಒಂದೊಂದು ಮೀನು ಕೊಟ್ಟು ಬೆನ್ನು ತಟ್ಟುವರು. ಸಿಟ್ಟಾದರೆ ಮುಗಿಯಿತು, ಅವನು ‘ಎಳಸು’. ಹೊಸಬ ಬೇರೆ, ಎಳಸು ಬೇರೆ. ಗೊತ್ತಿಲ್ಲದವನು ಹೊಸಬ. ಗೊತ್ತಿಲ್ಲ, ಹೇಳಿಕೊಟ್ಟರೂ ಕಲಿಯಲ್ಲ, ಮೇಲೆ ದಬಾಯಿಸುತ್ತಾನೆ ಎನ್ನುವಂಥವನು ಎಳಸು. ಯಾರು ಯಾವುದೆಂದು ತೀರ್ಮಾನಿಸುವವರು ಮಾತ್ರ ಯಾವಾಗಲೂ ಹಳಬರೇ!

ಮೈಸೂರಿನ ಕಚೇರಿಯ ಮೂರನೆಯ ಮಹಡಿಯಲ್ಲಿ ಪರದೆಗಳ ಗೋಡೆಯ ಮುಂದೆ ಕೂತು ತಾರಿಣಿ ಮಾಡುತ್ತಿದ್ದ ಕೆಲಸವೆಂದರೆ ಹೊಸಬರನ್ನು ತಯಾರಿಸುವುದು. ನಿಜವಾದ ಹೊಸಬರು ಬಾರದೆ ಹೋದಾಗ ಕಂಪನಿ ಒಂದು ಯಂತ್ರವನ್ನು ಕಟ್ಟಿತು. ಹಿಂದೆ ಬಂದುಹೋದ ಹೊಸಬರ ಮೊದಲ ಗಳಿಗೆಗಳೆಲ್ಲ, ಅಂದರೆ ಹೇಗೆ ಎಡವಿದರು, ಏನು ಕೇಳಿದರು, ಹೇಗೆ ಥ್ಯಾಂಕ್ಸ್ ಹೇಳಿದರು ಎಲ್ಲವೂ ಅದಕ್ಕೆ ಪಾಠ. ಅದನ್ನೇ ಕಲಸಿ ಹೊಸ ಮುಖಗಳನ್ನು ದಡಕ್ಕೆ ಬಿಡುತ್ತಿತ್ತು. ಯಾವ ತರಹದವರು ಬಂದರೆ ಹಳಬರು ಹೆಚ್ಚು ಹೊತ್ತು ದಡದಲ್ಲಿ ನಿಲ್ಲುತ್ತಾರೋ ಅಂಥವರನ್ನೇ ಹೆಚ್ಚು ಹೆಚ್ಚು ಮಾಡುವುದು ಅದರ ಬುದ್ಧಿ. ಮಾದರಿ ಹಳಸಬಾರದೆಂದು ತೀರ ಈಚೆಗೆ ಬಂದ ನಿಜವಾದ ಹೊಸಬರಿಗೆ ಹೆಚ್ಚು ತೂಕ. ಕೆಲವು ದಿನ ಆಡಿ, ‘ಪರೀಕ್ಷೆ ಇದೆ, ಮುಗಿಸಿ ಬರ್ತೀನಿ’ ಎಂದು ಯಂತ್ರದ ಆ ಮುಖಗಳು ಮಾಯವಾಗುತ್ತಿದ್ದವು. ಈ ವಿಷಯ ಹೊರಗೆ ಬಾಯಿಬಿಟ್ಟರೆ ಕೆಲಸ ಹೋಗುತ್ತದೆ.

ಯಂತ್ರದ ಹೊಸಬರಷ್ಟು ಸಭ್ಯರು ಲೋಕದಲ್ಲೇ ಇರಲಿಲ್ಲ. ಕೇಳಿದ್ದಕ್ಕೆ ಉತ್ತರ, ಕೊಟ್ಟದ್ದಕ್ಕೆ ಕೃತಜ್ಞತೆ, ಹಳದಿ ಶಂಖಕ್ಕೆ ಹೊಟ್ಟೆತುಂಬ ನಗು. ಹಳಬರಿಗೆ ಅದೇ ರುಚಿ ಹತ್ತಿಬಿಟ್ಟಿತು. ಆಮೇಲೆ ಯಾವಾಗಲೋ ಒಬ್ಬ ಅಸಲಿ ಮನುಷ್ಯ ಬಂದು ಗೋಡೆಗೆ ಡಿಕ್ಕಿ ಹೊಡೆದು, ಕೇಳಿದ್ದಕ್ಕೆ ಮಾತಾಡದೆ ಕಂಗಾಲಾಗಿ ನಿಂತರೆ ಇವರಿಗೆ ಸಹನೆಯೇ ಇರುತ್ತಿರಲಿಲ್ಲ.

ಆ ದಡದಲ್ಲಿ ಎಲ್ಲರಿಗಿಂತ ಹೆಸರಾದವಳು ಕೆಂಡದಜ್ಜಿ. ಹುಡುಗರು ಪ್ರೀತಿಯಿಂದ ಇಟ್ಟ ಹೆಸರು. ಅಜ್ಜಿಯೇನೂ ಅಲ್ಲ, ಹಾಸನದಲ್ಲಿ ಒಬ್ಬಳೇ ಇದ್ದ ಕುಸುಮಾ, ತಾರಿಣಿಯ ಸ್ವಂತ ಚಿಕ್ಕಮ್ಮ. ಗಂಡ ತೀರಿಕೊಂಡ ಮೇಲೆ ಮಂಕಾಗಿದ್ದವಳಿಗೆ ಆಟ ಕಲಿಸಿದ್ದು ತಾರಿಣಿಯೇ. ತನ್ನ ಶಾಖ ನೂಲಿನಷ್ಟು ಉಳಿದಿದ್ದರೂ ಕೊಟ್ಟುಬಿಡುವ ಹೆಂಗಸು. ಆದರೆ ಅವಳು ಕೆಂಡ ಕೊಡುತ್ತಿದ್ದವರು ಬಹುತೇಕ ತಾರಿಣಿಯೇ ತಯಾರಿಸಿದ ಸುಳ್ಳು ಜನ. ಅದು ನೆನಪಾದಾಗಲೆಲ್ಲ ತಾರಿಣಿಗೆ ಅನ್ನ ಗಂಟಲಲ್ಲಿ ಇಳಿಯುತ್ತಿರಲಿಲ್ಲ.

ಹೀಗಿರುವಾಗ ಪಡಸಾಲೆಯಲ್ಲಿ ಗುಸುಗುಸು ಎದ್ದಿತು. ಹೊಸಬರಲ್ಲಿ ಕೆಲವರು ಮನುಷ್ಯರೇ ಅಲ್ಲವಂತೆ, ಕಾಳಿಲ್ಲದ ಜೊಳ್ಳಂತೆ. ‘ಪೊಳ್ಳು’ ಎಂಬ ಹೆಸರು ಹುಟ್ಟಿತು. ಹಳಬರು ಸೇರಿ ಪರೀಕ್ಷೆಯೊಂದನ್ನು ಮಾಡಿದರು. ಕೆಂಡ ಕೊಡುವ ಮೊದಲು ಕೇಳಬೇಕು: ಊಟ ಆಯ್ತಾ? ಯಾವ ಊರು? ಯಾರು ಕಳಿಸಿದ್ರು? ಉತ್ತರ ಬಾರದಿದ್ದರೆ ಪೊಳ್ಳು, ಕೆಂಡ ಇಲ್ಲ. ಅಯ್ಯೋ ದೇವರೇ, ಎಲ್ಲ ತಲೆಕೆಳಗು! ಪೊಳ್ಳುಗಳು ಮೂರಕ್ಕೂ ಚಕಚಕ ಉತ್ತರ ಕೊಟ್ಟು ಪಾಸಾಗುತ್ತಿದ್ದವು. ಬಾಯಿ ಬಾರದೆ ನಿಲ್ಲುತ್ತಿದ್ದವರು ನಿಜವಾದ ಮನುಷ್ಯರು. ಇದು ಗೊತ್ತಿದ್ದವಳು ತಾರಿಣಿ, ಅವಳ ಬಾಯಿಗೆ ಕಂಪನಿಯ ಬೀಗ.

“ಮೊದಮೊದಲು ನಂಗೂ ಈ ಪರೀಕ್ಷೆ ಬೇಡ ಅನ್ನಿಸ್ತು ಕಣೇ,” ಎಂದಿದ್ದಳು ಚಿಕ್ಕಮ್ಮ ಫೋನಿನಲ್ಲಿ. “ಆದ್ರೆ ಮನುಷ್ಯರು ಅಂದ್ಕೊಂಡು ಬೊಂಬೆಗಳಿಗೆ ಜೀವ ತೇದುಬಿಟ್ಟೆ ಅನ್ನೋ ಅವಮಾನ ಇದ್ಯಲ್ಲ, ಅದನ್ನ ತಡ್ಕೊಳಕ್ಕಾಗಲ್ಲ. ಕೇಳ್ದೆ ಕೊಡಲ್ಲ ಇನ್ಮೇಲೆ.”

ತಾರಿಣಿ “ಹೂಂ” ಎಂದಳು.

ಮನೆಯಲ್ಲಿ ಅವಳ ಅಮ್ಮ ವಿಶಾಲಾಕ್ಷಿಗೆ ಲಕ್ವ ಹೊಡೆದು ಬಲಗೈ ಬಿದ್ದುಹೋಗಿತ್ತು, ಮಾತು ನಿಂತಿತ್ತು. ಇನ್ನೊಂದು ಸಲ ಬಂದರೆ ಕಷ್ಟ ಎಂದು ಡಾಕ್ಟರು ಹೇಳಿದ್ದರು. ಗಂಜಿ ಕುಡಿಸುವಾಗ ಅಮ್ಮ ಎಡಗೈಯಿಂದ ಚಮಚ ತಳ್ಳಿ, ಬಾಯಿ ಸೊಟ್ಟ ಮಾಡಿಕೊಂಡು “ಕು... ಕು...” ಎನ್ನುವಳು. ಕುಸುಮಾ ಎಂದು ತಾರಿಣಿಗೆ ಗೊತ್ತಾಗುತ್ತಿತ್ತು.

ಅಕ್ಕತಂಗಿಯರು ಮಾತು ಬಿಟ್ಟು ಇಪ್ಪತ್ತು ವರ್ಷದ ಮೇಲಾಗಿತ್ತು. ಬೇರೆ ಜಾತಿಯವನನ್ನು ಮದುವೆಯಾಗಿ ಕುಸುಮಾ ನೇರವಾಗಿ ಬಂದದ್ದು ಅಕ್ಕನ ಮನೆಗೇ. ಒಳಗೆ ಅತ್ತೆಮಾವ ಕೂತಿದ್ದರು. ಅಕ್ಕ ಬಾಗಿಲಲ್ಲಿ ನಿಂತು ತಂಗಿಯ ಮುಖ ನೋಡಿದಳು, ‘ಬಾ’ ಎನ್ನಲಿಲ್ಲ, ‘ಹೋಗು’ ಎಂದೂ ಅನ್ನಲಿಲ್ಲ. ಕುಸುಮಾ ಸ್ವಲ್ಪ ಹೊತ್ತು ನಿಂತು ತಿರುಗಿ ಹೋದಳು. ಆಮೇಲೆ ತಾರಿಣಿ ಎಷ್ಟು ಸಲ ಕರೆದರೂ ಅವಳದು ಒಂದೇ ಮಾತು, “ಅವಳೇ ಬರ್ಲಿ. ನಾನು ಆ ಹೊಸಿಲ ಮುಂದೆ ಇನ್ನೊಂದ್ಸಲ ನಿಲ್ಲಲ್ಲ.”

ಅಮ್ಮನಿಗೆ ಹಾಸನದವರೆಗೆ ಪ್ರಯಾಣ ಸಾಧ್ಯವಿಲ್ಲ, ಫೋನಿನಲ್ಲಿ ಮಾತಾಡಲು ಬಾಯಿಲ್ಲ. ಲಕ್ವದ ವಿಷಯ ಹೇಳಿದರೆ ಚಿಕ್ಕಮ್ಮ ಬರುತ್ತಾಳೇನೋ. ಆದರೆ ಹಾಗೆ ಹೇಳಬೇಡ ಎಂದು ಅಮ್ಮ ಕಣ್ಣಲ್ಲೇ ಆಣೆ ಹಾಕಿಸಿದ್ದಳು. ಕನಿಕರಕ್ಕೆ ಬರುವ ತಂಗಿ ಅವಳಿಗೆ ಬೇಡ. ಆಗ ತಾರಿಣಿಯ ತಲೆಗೆ ಹೊಳೆದದ್ದು ಆ ದಡ. ಕರಿಗಡಲಿನಲ್ಲಿ ಧ್ವನಿಯಿಲ್ಲ, ಬರಹ ಮಾತ್ರ. ಆಟದ ಕನ್ನಡಕ ಹಾಕಿ ಕೈಗೆ ಪಟ್ಟಿ ಕಟ್ಟಿದರೆ ಸಾಕು, ಆಡುವವರ ತಲೆ, ಕೈ ಅಲುಗಿದ ಹಾಗೇ ಆಟದೊಳಗಿನ ಅವರ ಬೊಂಬೆಯೂ ಅಲುಗುತ್ತದೆ. ಅಲ್ಲಿ ತಂಗಿ ಅಕ್ಕನಿಗೆ ಕೆಂಡ ಕೊಡಲಿ, ಇಬ್ಬರೂ ಬೆಂಕಿಯ ಪಕ್ಕ ಕೂತಿರಲಿ, ಆಮೇಲೆ ಯಾರೆಂದು ಹೇಳಿದರಾಯಿತು. ಮೊದಲೇ ಹೇಳಿದರೆ ಚಿಕ್ಕಮ್ಮ ದಡಕ್ಕೇ ಬರುವುದಿಲ್ಲ. ಪರೀಕ್ಷೆಯ ವಿಷಯ ತಾರಿಣಿಗೆ ಮರೆತಿರಲಿಲ್ಲ. ಉತ್ತರ ತಾನೇ ಬರೆದರಾಯಿತು ಎಂದು ಲೆಕ್ಕ ಹಾಕಿದ್ದಳು, ಪೆದ್ದಿ.

ಭಾನುವಾರ ಮಧ್ಯಾಹ್ನ, ದಡದಲ್ಲಿ ಚಿಕ್ಕಮ್ಮ ಸಿಗುತ್ತಾಳೆ ಎಂದು ಹೇಳಿ ಅಮ್ಮನಿಗೆ ಕನ್ನಡಕ ಹಾಕಿದಳು. ಅಮ್ಮ ಕಂಡದ್ದೆಲ್ಲ ಟಿ.ವಿ.ಯಲ್ಲೂ ಕಾಣುತ್ತಿತ್ತು. ಅಲೆ ಎಸೆಯಿತು. ಅಮ್ಮ ಎದ್ದು ಬಂಡೆಗೆ ಡಿಕ್ಕಿ ಹೊಡೆದಳು, ತಿಳಿಯದೆ ಮತ್ತೆ ನೀರಿಗೆ ಇಳಿದಳು, ಹೊರಗೆ ಬಂದಳು. ಎಡಗೈ ಎಲ್ಲೋ ತಗುಲಿ ಬೊಂಬೆ ಕುಣಿದು ಕುಣಿದು ಬಿತ್ತು. ಅಷ್ಟರಲ್ಲಿ ದೂರದಿಂದ ಕೆಂಪಗೆ ಬೆಳಕೊಂದು ಬಂತು. ಡಬ್ಬಿ ಹಿಡಿದ ಕೆಂಡದಜ್ಜಿ, ಹಿಂದೆ ಇಬ್ಬರು ಹುಡುಗರು.

‘ಊಟ ಆಯ್ತಾ?’

ತಾರಿಣಿ ಅಮ್ಮನ ಬೆರಳು ಹಿಡಿದು ಉತ್ತರ ಬರೆಯಲು ಕೈ ಚಾಚಿದಳು. ಅಮ್ಮ ಆ ಕೈಯನ್ನು ಸರಕ್ಕನೆ ತಳ್ಳಿದಳು. ತನ್ನ ತಂಗಿಗೆ ತಾನೇ ಉತ್ತರ ಕೊಡಬೇಕು ಅವಳಿಗೆ. ಗಾಳಿಯಲ್ಲಿ ತೇಲುವ ಅಕ್ಷರಗಳ ಮೇಲೆ ನಡುಗುವ ಎಡಬೆರಳು ಅಲೆಯಿತು. ಯೋಚನೆಗೆ ಬಿದ್ದಾಗ ಎಂದಿನಂತೆ ಕಿವಿಯ ಹಾಲೆ ಉಜ್ಜಿಕೊಂಡಳು.

‘ಯಾವ ಊರು? ಯಾರು ಕಳಿಸಿದ್ರು?’

‘ಕ’ ಎಂದು ಒಂದು ಅಕ್ಷರ ಮೂಡಿತು. ಮತ್ತೇನೂ ಬರಲಿಲ್ಲ.

‘ಇದು ಪೊಳ್ಳು, ನಡಿ ಅಜ್ಜಿ,’ ಎಂದು ಹುಡುಗನೊಬ್ಬ ಬರೆದ. ‘ನೆಟ್ಟಗೆ ನಿಲ್ಲೋಕೂ ಬರಲ್ಲ.’

ತಾರಿಣಿ ಚಿಕ್ಕಮ್ಮನಿಗೆ ಫೋನ್ ಹಚ್ಚಿದಳು. ಆಟದಲ್ಲಿರುವವಳು ಎತ್ತುತ್ತಾಳೆಯೇ? ರಿಂಗಾಗಿ ರಿಂಗಾಗಿ ನಿಂತಿತು. ಅಮ್ಮನ ಬೆರಳು ‘ಉ’ ಹುಡುಕುತ್ತಲೇ ಇತ್ತು. ಕೆಂಡದಜ್ಜಿ ಡಬ್ಬಿಯ ಮುಚ್ಚಳ ಹಾಕಿದಳು.

‘ಹೆಸರಿಲ್ಲ, ಊರಿಲ್ಲ. ಯಾರ ಮನೆ ಬೊಂಬೆಯೋ ಏನೋ, ಹೋಗಮ್ಮ.’

ಕೆಂಪು ಗೀಟು ಮುಗಿಯಿತು. ಅಮ್ಮ ತಾನಾಗಿಯೇ ಕಡಲಿಗೆ ಮುಖ ತಿರುಗಿಸಿದಳು, ಅಲೆ ಎಳೆದುಕೊಂಡಿತು. ಕನ್ನಡಕ ತೆಗೆದಾಗ ಅವಳ ಕಣ್ಣಲ್ಲಿ ನೀರಿರಲಿಲ್ಲ. ತಲೆ ಆಡಿಸಿದಳು, ಸರಿಯಾಗಿಯೇ ಆಯಿತು, ನನಗೆ ಇದೇ ಆಗಬೇಕಿತ್ತು ಎನ್ನುವ ಹಾಗೆ. ತಾರಿಣಿ ಫೋನ್ ಎತ್ತಿಕೊಂಡಾಗ ಅದನ್ನು ಕಿತ್ತು ತನ್ನ ಮಡಿಲಲ್ಲಿಟ್ಟುಕೊಂಡು ಬೇಡ ಬೇಡ ಎಂದು ಕೈಯಾಡಿಸಿದಳು. ತಂಗಿಗೆ ತಿಳಿದರೆ ನೊಂದುಕೊಳ್ಳುತ್ತಾಳೆ ಎಂದು ಆ ಸೊಟ್ಟ ಬಾಯಿಯೇ ಹೇಳುತ್ತಿತ್ತು. ತಾರಿಣಿ ಬಚ್ಚಲಿಗೆ ಹೋಗಿ ನಲ್ಲಿ ಬಿಟ್ಟುಕೊಂಡು ಅತ್ತಳು.

ಆ ತಿಂಗಳು ಮುಗಿಯುವ ಮುಂಚೆ ಅಮ್ಮ ಹೋಗಿಬಿಟ್ಟಳು. ಚಿಕ್ಕಮ್ಮ ಬಂದಳು, ಹೊಸಿಲು ದಾಟಿದಳು, ತಣ್ಣಗಾದ ಕಾಲು ಹಿಡಿದುಕೊಂಡು ಬಹಳ ಹೊತ್ತು ಕೂತಿದ್ದಳು. “ಒಂದ್ಸಲ ಬಾ ಅಂದಿದ್ರೆ ಓಡಿ ಬರ್ತಿದ್ನಲ್ಲೇ ಅಕ್ಕ,” ಎಂದಳು. ತಾರಿಣಿ ಪಕ್ಕದಲ್ಲೇ ಇದ್ದಳು. ಆ ಭಾನುವಾರದ ಮಾತನ್ನು ನುಂಗಿಕೊಂಡು ದೀಪಕ್ಕೆ ಎಣ್ಣೆ ಹಾಕಿದಳು.

ಕೆಲಸಕ್ಕೆ ಮರಳಿದ ಮೇಲೆ ಜೊತೆಯಲ್ಲಿ ಕೆಲಸ ಮಾಡುವ ರಿಯಾಜ್ ಪರದೆ ತೋರಿಸಿದ.

“ಮೇಡಂ, ನಮ್ಮ ಮಷಿನ್‌ಗೆ ಏನೋ ಆಗಿದೆ. ಬಂದು ನೋಡಿ.”

ಮರಳಿನ ಮೇಲೆ ಒಬ್ಬ ಹೊಸಬಳು ಎದ್ದು ಬಂಡೆಗೆ ಡಿಕ್ಕಿ ಹೊಡೆದಳು. ನೀರಿಗೆ ಇಳಿದು ಹೊರಗೆ ಬಂದಳು. ಕುಣಿದು ಬಿದ್ದಳು. ಅವಳ ಹಿಂದೆಯೇ ಇನ್ನೊಬ್ಬ, ಗಡ್ಡದವನು, ಅದೇ ಬಂಡೆ, ಅದೇ ಕುಣಿತ. ಆಮೇಲೆ ಒಬ್ಬಳು ಹುಡುಗಿ. ಮುಖ ಬೇರೆ, ಬಟ್ಟೆ ಬೇರೆ. ಎಲ್ಲರೂ ಕಿವಿಯ ಹಾಲೆ ಉಜ್ಜಿಕೊಂಡು ‘ಕ’ ಎಂದು ಬರೆದು ಸುಮ್ಮನೆ ನಿಲ್ಲುತ್ತಿದ್ದರು.

ತಾರಿಣಿ ಪರದೆಯ ಹತ್ತಿರಕ್ಕೆ ಬಗ್ಗಿದಳು. ಅಮ್ಮ!

“ಈಚೆಗೆ ಬಂದ ನಿಜವಾದ ಹೊಸಬರು ಒಬ್ಬರೇ,” ಎಂದ ರಿಯಾಜ್. “ಒಂದು ಭಾನುವಾರದ್ದು. ತೂಕ ಪೂರ್ತಿ ಅದರ ಮೇಲೇ ಬಿದ್ದಿದೆ. ಆವತ್ತು ಅವರನ್ನ ಓಡಿಸಿದ ಮೇಲೂ ಕೆಂಡದಜ್ಜಿ ದಡ ಬಿಟ್ಟು ಹೋಗಿಲ್ಲ. ರಾತ್ರಿವರೆಗೂ ನೀರು ನೋಡ್ಕೊಂಡು ನಿಂತಿದ್ದಾರೆ. ಇಂಥವರು ಬಂದ್ರೆ ಹಳಬರು ನಿಲ್ತಾರೆ ಅಂತ ಮಷಿನ್ ತೀರ್ಮಾನ ಮಾಡ್ಕೊಂಡಿದೆ. ಪಡಸಾಲೆ ತುಂಬ ಬೈಗುಳ. ಸಂಜೆಗೆ ಆ ಮಾದರಿ ಅಳಿಸೋಕೆ ಆರ್ಡರ್ ಬಂದಿದೆ.”

ಅಷ್ಟರಲ್ಲಿ ಚಿಕ್ಕಮ್ಮನ ಫೋನ್ ಬಂತು. ದನಿ ಪಿಸುಗುಡುತ್ತಿತ್ತು. “ತಾರಿ, ನಂಗೆ ಹುಚ್ಚು ಹಿಡೀತಿದ್ಯೇನೇ? ದಡಕ್ಕೆ ಬಂದವರೆಲ್ಲ ಅಕ್ಕನ ಹಾಗೆ ಕಿವಿ ಉಜ್ಕೋತಾರೆ ಕಣೇ. ಅವತ್ತೂ ಒಂದು ಬಂದಿತ್ತು. ಓಡಿಸಿದೆ. ಓಡಿಸಿದ ಮೇಲೆ ಎದೆಯೊಳಗೆ ಏನೋ ಕಿತ್ತ ಹಾಗಾಯ್ತು, ಯಾಕೆ ಅಂತ ಗೊತ್ತಾಗ್ಲಿಲ್ಲ.”

“ಬರ್ತಾ ಇದೀನಿ ಚಿಕ್ಕಮ್ಮ. ನಾನು ಬರೋವರೆಗೂ ಏನೂ ಮಾಡ್ಬೇಡಿ,” ಎಂದು ತಾರಿಣಿ ಬ್ಯಾಗ್ ಎತ್ತಿಕೊಂಡಳು. ಕಂಪನಿ ಹಾಳಾಗಿ ಹೋಗಲಿ.

ಹಾಸನದ ಆ ಪುಟ್ಟ ಮನೆಯಲ್ಲಿ ಕೂತು ಎಲ್ಲವನ್ನೂ ಹೇಳಿದಳು. ಹೊಸಬರನ್ನು ತಾನೇ ಮಾಡುವುದು, ಪರೀಕ್ಷೆ ತಲೆಕೆಳಗಾಗಿರುವುದು, ಲಕ್ವದ ಸುದ್ದಿ ಮುಚ್ಚಿಟ್ಟದ್ದು, ಆ ಭಾನುವಾರ. ಚಿಕ್ಕಮ್ಮ ಕೊನೆಯವರೆಗೂ ಅಡ್ಡಬಾಯಿ ಹಾಕದೆ ಕೇಳಿದಳು. ಕೇಳಿ ಮುಗಿದ ಮೇಲೆ ತಾರಿಣಿಯ ಕೆನ್ನೆಗೆ ಒಂದು ಬಿಟ್ಟಳು. ಆಮೇಲೆ ಅದೇ ಕೆನ್ನೆ ಹಿಡಿದುಕೊಂಡು ಅತ್ತಳು.

“ನನ್ನ ಹೆಸರು ಬರೀತಿದ್ಲೇನೇ ಅವ್ಳು? ಆ ‘ಕ’?”

“ಹೂಂ.”

“ಬೊಂಬೆ ಅಂದ್ನಲ್ಲೇ. ಅವಳನ್ನ ಬೊಂಬೆ ಅಂದ್ನಲ್ಲೇ ನಾನು!”

“ಸಂಜೆಗೆ ಅಳಿಸಿಬಿಡ್ತಾರೆ ಚಿಕ್ಕಮ್ಮ. ಆಮೇಲೆ ಬರಲ್ಲ.”

ಚಿಕ್ಕಮ್ಮ ಕಣ್ಣೊರೆಸಿಕೊಂಡು ಕನ್ನಡಕ ಹಾಕಿದಳು. ತಾರಿಣಿ ಗೋಡೆಯ ಟಿ.ವಿ.ಯಲ್ಲಿ ನೋಡುತ್ತ ನಿಂತಳು. ದಡದಲ್ಲಿ ಮುದುಕನೊಬ್ಬ ಬಂಡೆಗೆ ಡಿಕ್ಕಿ ಹೊಡೆದು, ನೀರಿಗಿಳಿದು, ಕುಣಿದು, ಕಿವಿ ಉಜ್ಜಿಕೊಂಡ. ‘ಕ’. ಕೆಂಡದಜ್ಜಿ ಏನೂ ಕೇಳಲಿಲ್ಲ. ಡಬ್ಬಿ ತೆರೆದು ಅರ್ಧ ಕೆಂಡ ಅವನ ಅಂಗೈಗೆ ಸುರಿದಳು. ‘ಬಾ ಅಕ್ಕ’ ಎಂದು ಬರೆದಳು. ಕೈ ತುಂಬ ಬೆಂಕಿ ಹಿಡಿದುಕೊಂಡು ಅವನು ಸ್ವಲ್ಪ ಹೊತ್ತು ಸುಮ್ಮನೆ ನಿಂತ. ಆಮೇಲೆ ಕಡಲಿಗೆ ಮುಖ ತಿರುಗಿಸಿ ನಡೆದುಹೋದ. ಬೆಂಕಿ ನೀರಿನಲ್ಲಿ ಆರಿತು.

“ಕೊಟ್ರೂ ಹೋಗ್ತಾಳಲ್ಲೇ? ಯಾಕೆ?”

“ಕೊಟ್ಟಿದ್ದು ಅದಕ್ಕೆ ಗೊತ್ತಾಗಲ್ಲ ಚಿಕ್ಕಮ್ಮ. ಅಮ್ಮಂಗೆ ಯಾರೂ ಕೊಟ್ಟಿಲ್ವಲ್ಲ. ಅದು ಕಲ್ತಿರೋದು ಅಲ್ಲಿಗೇ ಮುಗಿಯುತ್ತೆ.”

ಅವಳು ಕೇಳಿಸಿಕೊಂಡಳೋ ಇಲ್ಲವೋ. ಮುಂದಿನ ಅಲೆ ಹುಡುಗಿಯೊಬ್ಬಳನ್ನು ತಂದಿತು, ಅವಳಿಗೂ ಅರ್ಧ ಕೊಟ್ಟಳು. ಮತ್ತೊಬ್ಬಳು ಬಂದಳು, ಉಳಿದದ್ದರಲ್ಲಿ ಅರ್ಧ. ಎಲ್ಲರಿಗೂ ‘ಬಾ ಅಕ್ಕ’. ಎಲ್ಲರೂ ನಿಂತರು, ಎಲ್ಲರೂ ತಿರುಗಿದರು. ಚಿಕ್ಕಮ್ಮನ ಕೆಂಪು ಗೀಟು ನೂಲಾಯಿತು, ನೂಲೂ ಹರಿಯಿತು. “ಸಾಕು ಚಿಕ್ಕಮ್ಮ, ನೀವು ಸತ್ತುಹೋಗ್ತೀರಿ, ಇಷ್ಟು ವರ್ಷದ್ದೆಲ್ಲ ಹೋಗುತ್ತೆ,” ಎಂದು ತಾರಿಣಿ ಕೂಗಿದಳು. ಅಲೆ ಬಂದು ಕೆಂಡದಜ್ಜಿಯನ್ನು ಎಳೆದುಕೊಂಡಿತು.

ಅದೇ ಹೊತ್ತಿಗೆ ರಿಯಾಜ್‌ನಿಂದ ಸಂದೇಶ ಬಂತು, ಅಳಿಸಿಯಾಯಿತು ಎಂದು. ದಡ ಖಾಲಿಯಾಗಿತ್ತು. ಮುಂದಿನ ಅಲೆ ಒಬ್ಬಳನ್ನೇ ತಂದು ಎಸೆಯಿತು. ಹೆಸರಿಲ್ಲ, ಡಬ್ಬಿಯಿಲ್ಲ, ಮೈಯೆಲ್ಲ ಒದ್ದೆ. ಅದು ಚಿಕ್ಕಮ್ಮ, ಹೊಸಬಳಾಗಿ.

ದೂರದಿಂದ ಬೆಳಕುಗಳು ಬಂದವು. ಅವಳೇ ಕೆಂಡ ಕೊಟ್ಟು ಬೆಳೆಸಿದ ಹುಡುಗರು.

‘ಊಟ ಆಯ್ತಾ?’

ಚಿಕ್ಕಮ್ಮ ಎರಡೂ ಕೈ ಮಡಿಲಲ್ಲಿಟ್ಟುಕೊಂಡು ಕೂತಳು.

“ನಾನೇ ಕೆಂಡದಜ್ಜಿ ಅಂತ ಬರೀರಿ ಚಿಕ್ಕಮ್ಮ, ಬೇಗ,” ಎಂದಳು ತಾರಿಣಿ. “ಕೊಡ್ತಾರೆ.”

“ಸುಮ್ನಿರೇ.”

‘ಯಾವ ಊರು? ಯಾರು ಕಳಿಸಿದ್ರು?’ ಎಂದು ಅಕ್ಷರಗಳು ಮೂಡಿದವು. ಹುಡುಗರು ಕಾದರು. ಒಬ್ಬ ಇನ್ನೊಬ್ಬನ ಕಡೆ ನೋಡಿದ. ‘ಪೊಳ್ಳು ಕಣೋ, ನಡಿ,’ ಎಂದು ಬರೆದು ಡಬ್ಬಿ ಮುಚ್ಚಿಕೊಂಡ. ಬೆಳಕುಗಳು ತಿರುಗಿ ದೂರವಾದವು. ಕತ್ತಲಲ್ಲಿ ಕೆಂಪು ಗೀಟು ಮಾತ್ರ ಇಳಿಯುತ್ತಿತ್ತು.

“ಯಾಕೆ ಹೀಗೆ ಮಾಡಿದ್ರಿ?” ಎಂದು ತಾರಿಣಿ ಕೇಳಿದಳು.

ಚಿಕ್ಕಮ್ಮ ಗೀಟಿನ ಮೇಲಿಂದ ಕಣ್ಣು ತೆಗೆಯಲಿಲ್ಲ. “ಅವತ್ತು ಅಕ್ಕಂಗೆ ಎಷ್ಟು ಹೊತ್ತು ಹಿಡಿದಿತ್ತು ಅಂತ ನೋಡ್ತಿದೀನಿ ಕಣೇ,” ಎಂದಳು.